ಸ್ಪ್ರೆಡ್ ಕಿರಿದಾಗಿತ್ತು, ವೆಚ್ಚ ಏಕೆ ಹಿರಿದಾಯಿತು?

ಪ್ರಶ್ನೆ: ನಾನು ಕೊಳ್ಳಬೇಕೆಂದಿದ್ದ ಷೇರಿನ ಬಿಡ್, ಅಂದರೆ ಕೊಳ್ಳುವವರು ಕೊಡಲೊಪ್ಪುವ ಅತಿ ಹೆಚ್ಚಿನ ಬೆಲೆ, 249.95; ಆಸ್ಕ್, ಅಂದರೆ ಮಾರುವವರು ಕೇಳುವ ಅತಿ ಕಡಿಮೆ ಬೆಲೆ, 250.00 ಎಂದು ಪರದೆಯಲ್ಲಿತ್ತು. ಇವೆರಡರ ಅಂತರ, ಅಂದರೆ ಸ್ಪ್ರೆಡ್, 0.05 ಮಾತ್ರ. ಲಿಕ್ವಿಡಿಟಿ ಚೆನ್ನಾಗಿದೆ, ಬೆಲೆ ಕದಲದೆ ಸುಲಭವಾಗಿ ಕೊಳ್ಳಬಹುದು ಎಂದುಕೊಂಡು 2,000 ಷೇರಿಗೆ ಮಾರ್ಕೆಟ್ ಆರ್ಡರ್ ಹಾಕಿದೆ. ಸರಾಸರಿ 250.645ಕ್ಕೆ ಸಿಕ್ಕಿತು. ಸ್ಪ್ರೆಡ್ ಕಿರಿದಾಗಿದ್ದರೆ ಲಿಕ್ವಿಡಿಟಿ ಹೆಚ್ಚು ಎಂದು ಎಲ್ಲರೂ ಹೇಳುತ್ತಾರಲ್ಲ? ದಲ್ಲಾಳಿ ಏನಾದರೂ ಕೈಚಳಕ ತೋರಿಸಿದರೇ? ಗುಂಡಿ ಒತ್ತುವ ಮುಂಚೆ ತೆಗೆದ ಆರ್ಡರ್ ಬುಕ್‌ನ ಚಿತ್ರ ಜೊತೆಗಿದೆ.

ಉತ್ತರ: ದಲ್ಲಾಳಿಯನ್ನು ಬಿಟ್ಟುಬಿಡಿ, ಅವರ ಪಾಲು ಇದರಲ್ಲಿ ಏನೂ ಇಲ್ಲ. ನೀವು ಕಳುಹಿಸಿದ ಚಿತ್ರದಲ್ಲಿಯೇ 250.645 ಎಂಬ ಅಂಕಿ ಕೂತಿದೆ. ನೀವು ಅದರ ಮೊದಲ ಸಾಲನ್ನು ಮಾತ್ರ ಓದಿದಿರಿ, ನಿಮ್ಮ ಆರ್ಡರ್ ಐದೂ ಸಾಲುಗಳನ್ನು ಓದಿತು. ಚಿತ್ರದಲ್ಲಿದ್ದದ್ದನ್ನು ಇಲ್ಲಿ ಬರೆದಿಟ್ಟುಕೊಳ್ಳುತ್ತೇನೆ.

```
ಕೊಳ್ಳುವವರು           ಮಾರುವವರು
ಸಂಖ್ಯೆ    ಬೆಲೆ         ಬೆಲೆ      ಸಂಖ್ಯೆ
1,800   249.95       250.00     200
2,400   249.90       250.05     150
1,600   249.85       250.30     400
2,100   249.80       250.75     750
2,500   249.75       251.20   1,500
```

ಎಡಗಡೆ ಇರುವವರು ಕೊಳ್ಳಲು ಕಾದು ಕೂತವರು, ಬಲಗಡೆ ಇರುವವರು ಮಾರಲು ಕಾದು ಕೂತವರು. ಇಬ್ಬರೂ ಲಿಮಿಟ್ ಆರ್ಡರ್ ಹಾಕಿದವರು. ಅಂದರೆ 'ಈ ಬೆಲೆಗಾದರೆ ಸರಿ, ಇಲ್ಲವಾದರೆ ಕಾಯುತ್ತೇನೆ' ಎಂದು ಹೇಳಿದವರು. ಸಾಲಿನಲ್ಲಿ ಒಳ್ಳೆಯ ಬೆಲೆ ಕೊಟ್ಟವರಿಗೆ ಮೊದಲ ಮಣೆ, ಬೆಲೆ ಒಂದೇ ಆಗಿದ್ದರೆ ಮೊದಲು ಬಂದವರಿಗೆ ಮೊದಲ ಮಣೆ. ಮಾರ್ಕೆಟ್ ಆರ್ಡರ್ ಹಾಕುವವರು ಕಾಯುವುದಿಲ್ಲ. ಎದುರು ಬದಿಯ ಸಾಲಿನಲ್ಲಿ ಯಾರಿದ್ದರೆ ಅವರಿಂದ, ಅವರು ಹೇಳಿದ ಬೆಲೆಗೆ, ಬೇಕಾದಷ್ಟು ಸಿಗುವವರೆಗೆ ತೆಗೆದುಕೊಳ್ಳುತ್ತಾ ಹೋಗುತ್ತಾರೆ.

ನೀವು ಮಾಡಿದ್ದು ಅದನ್ನೇ. 250.00ರಲ್ಲಿ ನಿಮಗೆ ಸಿಕ್ಕಿದ್ದು 200 ಷೇರು ಮಾತ್ರ. ಮುಂದಿನ 150 ಷೇರು 250.05ಕ್ಕೆ, ಆಮೇಲಿನ 400 ಷೇರು 250.30ಕ್ಕೆ, 750 ಷೇರು 250.75ಕ್ಕೆ, ಕೊನೆಯ 500 ಷೇರು 251.20ಕ್ಕೆ ಬಂದವು. ಗುಣಿಸಿ ಕೂಡಿಸಿದರೆ ಒಟ್ಟು 5,01,290. ಅದನ್ನು 2,000ದಿಂದ ಭಾಗಿಸಿ: 250.645. ಒಂದು ಚೂರೂ ಆಚೆ ಈಚೆ ಇಲ್ಲ. ಎಲ್ಲವೂ 250.00ಕ್ಕೆ ಸಿಗುತ್ತದೆ ಎಂದು ನಂಬಿದ್ದರಿಂದ 1,290 ಹೆಚ್ಚು ತೆತ್ತಿರಿ.

ಪರದೆಯ ಮೇಲೆ ಕಾಣುವ ಸ್ಪ್ರೆಡ್ ಹೇಳುವುದು ಅತಿ ಚಿಕ್ಕ ಆರ್ಡರಿನ ವೆಚ್ಚವನ್ನು. ನಿಮ್ಮ ಆರ್ಡರ್ 200 ಷೇರಿನದಾಗಿದ್ದರೆ ಆ 0.05 ಅಕ್ಷರಶಃ ನಿಜವಾಗುತ್ತಿತ್ತು. 2,000 ಷೇರಿಗೆ ಅದು ಏನನ್ನೂ ಹೇಳುವುದಿಲ್ಲ. ಹಾಗಾಗಿ ವೃತ್ತಿಯಲ್ಲಿರುವವರು ಇನ್ನೊಂದು ಅಳತೆ ಇಟ್ಟುಕೊಳ್ಳುತ್ತಾರೆ. ಬಿಡ್ ಮತ್ತು ಆಸ್ಕ್‌ಗಳ ನಟ್ಟನಡುವಿನ ಬೆಲೆಯನ್ನು, ನಿಮ್ಮ ಚಿತ್ರದಲ್ಲಿ 249.975, ಆಧಾರವಾಗಿ ಹಿಡಿದು, ನಿಜವಾಗಿ ತೆತ್ತ ಸರಾಸರಿ ಬೆಲೆ ಅದರಿಂದ ಎಷ್ಟು ದೂರವಿದೆ ಎಂದು ನೋಡಿ, ಅದನ್ನು ಎರಡರಿಂದ ಗುಣಿಸುತ್ತಾರೆ. ಎರಡರಿಂದ ಏಕೆಂದರೆ ಸ್ಪ್ರೆಡ್ ಎಂಬುದು ಕೊಂಡು ಮಾರುವ ಎರಡೂ ಸರದಿಯ ವೆಚ್ಚ. ನೀವು ಮಾಡಿದ್ದು ಒಂದೇ ಸರದಿ. ನಿಮ್ಮ ವಿಷಯದಲ್ಲಿ ದೂರ 0.67, ಆದ್ದರಿಂದ ನಿಮ್ಮ ಪಾಲಿನ ನಿಜವಾದ ಸ್ಪ್ರೆಡ್ 1.34. ಪರದೆಯ 0.05ಕ್ಕೆ ಹೋಲಿಸಿದರೆ ಸುಮಾರು 27 ಪಟ್ಟು. ಬೆಲೆಯ ಲೆಕ್ಕದಲ್ಲಿ ಹೇಳುವುದಾದರೆ, ಶೇಕಡಾ 0.02 ಎಂದುಕೊಂಡದ್ದು ಶೇಕಡಾ 0.54 ಆಯಿತು.

ಇಲ್ಲಿ ಒಂದು ತಮಾಷೆ ಇದೆ. ಇದೇ ಆರ್ಡರ್ ಪುಸ್ತಕಕ್ಕೆ, ಇದೇ ಕ್ಷಣದಲ್ಲಿ, ನೀವು 2,000 ಷೇರು ಮಾರಲು ಬಂದಿದ್ದರೆ ಏನಾಗುತ್ತಿತ್ತು? 1,800 ಷೇರು 249.95ಕ್ಕೆ, ಉಳಿದ 200 ಷೇರು 249.90ಕ್ಕೆ ಹೋಗುತ್ತಿದ್ದವು. ಸರಾಸರಿ 249.945. ನಡುವಿನ ಬೆಲೆಯಿಂದ ಬರೀ 0.03 ದೂರ. ಅಂದರೆ ಮಾರುವವರಿಗೆ ಇದು ಸಲೀಸಾದ ಮಾರುಕಟ್ಟೆ, ಕೊಳ್ಳುವವರಿಗೆ ಬಿಕ್ಕಟ್ಟಿನ ಮಾರುಕಟ್ಟೆ. ಸ್ಪ್ರೆಡ್ ಇಬ್ಬರಿಗೂ ಒಂದೇ ಅಂಕಿ ತೋರಿಸುತ್ತಿತ್ತು. ಲಿಕ್ವಿಡಿಟಿ ಷೇರಿನ ಜಾತಕದಲ್ಲಿ ಬರೆದಿಟ್ಟ ಗುಣವೇನಲ್ಲ. ಯಾವ ಬದಿಗೆ, ಎಷ್ಟು ಸಂಖ್ಯೆಗೆ, ಯಾವ ಗಳಿಗೆಯಲ್ಲಿ ಎಂದು ಕೇಳದೆ ಅದಕ್ಕೆ ಉತ್ತರವಿಲ್ಲ.

ಈಗ ಚಿತ್ರವನ್ನು ಇನ್ನೊಮ್ಮೆ ನೋಡಿ, ಈ ಬಾರಿ ಸಂಖ್ಯೆಗಳನ್ನು ಬಿಟ್ಟು ಬೆಲೆಗಳನ್ನು ಮಾತ್ರ. ಎಡಗಡೆ ಪ್ರತಿ 0.05ಕ್ಕೂ ಒಂದು ಸಾಲಿದೆ. ಯಾವ ಮೆಟ್ಟಿಲೂ ಖಾಲಿ ಇಲ್ಲ. ಬಲಗಡೆ 250.05ರಿಂದ ನೇರ 250.30ಕ್ಕೆ ಹಾರಿದೆ, ಅಲ್ಲಿಂದ 250.75ಕ್ಕೆ, ಆಮೇಲೆ 251.20ಕ್ಕೆ. ಹಲ್ಲು ಮುರಿದ ಬಾಚಣಿಗೆಯ ಹಾಗೆ. ನಾನು ಯಾವುದೇ ಆರ್ಡರ್ ಬುಕ್ ತೆರೆದಾಗ ಸ್ಪ್ರೆಡ್ಡಿನ ನಂತರ ನೋಡುವುದು ಈ ಕಂದರಗಳನ್ನು. ಮೊದಲ ಸಾಲುಗಳ 200, 150 ಎಂಬ ಸಣ್ಣ ಸಂಖ್ಯೆಗಳ ಹಿಂದೆಯೇ ಕಂದರವಿದ್ದರೆ, ಆ ಕಿರಿದಾದ ಸ್ಪ್ರೆಡ್ ಒಂದಿಬ್ಬರು ಕಟ್ಟಿದ ತೆಳುವಾದ ಪರದೆ ಎಂದು ತಿಳಿದುಕೊಳ್ಳುತ್ತೇನೆ. ಅವರು ಎದ್ದು ಹೋದರೆ ಸ್ಪ್ರೆಡ್ ಕಣ್ಣೆದುರೇ ಹರಿದು ಅಗಲವಾಗುತ್ತದೆ.

ಹಾಗಾದರೆ ಕಿರಿದಾದ ಸ್ಪ್ರೆಡ್ ಎಂದರೆ ಹೆಚ್ಚು ಲಿಕ್ವಿಡಿಟಿ ಎಂದು ಎಲ್ಲರೂ ಹೇಳುವುದು ಸುಳ್ಳೇ? ಸುಳ್ಳಲ್ಲ, ಅರ್ಧ ಮಾತು. ಆ ಅರ್ಧ ಮಾತು ಎಲ್ಲಿಂದ ಬಂತು ಎಂಬುದನ್ನು ತಿಳಿದುಕೊಂಡರೆ ಅದು ಯಾವಾಗ ಕೈಕೊಡುತ್ತದೆ ಎಂಬುದೂ ತಿಳಿಯುತ್ತದೆ.

ಎರಡೂ ಬದಿಯಲ್ಲಿ ಬೆಲೆ ಹಾಕಿ ಕೂತಿರುವವರೊಬ್ಬರನ್ನು ಊಹಿಸಿಕೊಳ್ಳಿ. ಕೊಂಡಲ್ಲಿ ಕೊಂಡು, ಮಾರಿದಲ್ಲಿ ಮಾರಿ, ನಡುವಿನ ಅಂತರದಲ್ಲಿ ಅವರ ಬದುಕು. ಅವರ ದೊಡ್ಡ ಭಯ, ತಮಗಿಂತ ಹೆಚ್ಚು ತಿಳಿದವರು ಎದುರಿಗೆ ಬರುವುದು. ನಡುವಿನ ಬೆಲೆ 100 ಎನ್ನಿ. ಅವರ ಬಳಿ ಕೊಳ್ಳಲು ಬರುವ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ಗುಟ್ಟೇನೂ ತಿಳಿದಿಲ್ಲ. ಒಬ್ಬರಿಗೆ ಮಾತ್ರ ಬೆಲೆ ಇನ್ನೇನು 101 ಆಗುತ್ತದೆ ಎಂದು ಗೊತ್ತು. ಯಾರು ಆ ಹತ್ತನೆಯವರು ಎಂದು ಮುಖ ನೋಡಿ ಹೇಳಲಾಗದು. ಆದ್ದರಿಂದ ಅವರು ಎಲ್ಲರಿಗೂ 100.10 ಎನ್ನುತ್ತಾರೆ. ಒಂಬತ್ತು ಮಂದಿಯಿಂದ ತಲಾ 0.10ರಂತೆ 0.90 ಬರುತ್ತದೆ, ಹತ್ತನೆಯವರ ಕೈಯಲ್ಲಿ 0.90 ಹೋಗುತ್ತದೆ. ಲೆಕ್ಕ ಸಮ. ಮಾರುವವರ ಕಡೆಗೂ ಹೀಗೆಯೇ 99.90 ಇಡುತ್ತಾರೆ, ಸ್ಪ್ರೆಡ್ 0.20. ಹತ್ತರಲ್ಲಿ ಇಬ್ಬರಿಗೆ ಗುಟ್ಟು ತಿಳಿದಿದೆ ಎಂಬ ಅನುಮಾನ ಬಂದರೆ ಇದೇ ಲೆಕ್ಕ 0.20 ಎಂದು ಬರುತ್ತದೆ, ಸ್ಪ್ರೆಡ್ 0.40 ಆಗುತ್ತದೆ. 1985ರಲ್ಲಿ ಲಾರೆನ್ಸ್ ಗ್ಲೋಸ್ಟನ್ ಮತ್ತು ಪಾಲ್ ಮಿಲ್‌ಗ್ರೋಮ್ ಬರೆದ ಪ್ರಬಂಧದ ತಿರುಳು ಇದು. ಬೇರೆ ಯಾವ ಖರ್ಚೂ ಇಲ್ಲದಿದ್ದರೂ, ಎದುರಿನವರಿಗೆ ನನಗಿಂತ ಹೆಚ್ಚು ತಿಳಿದಿರಬಹುದು ಎಂಬ ಒಂದೇ ಭಯದಿಂದ ಸ್ಪ್ರೆಡ್ ಹುಟ್ಟುತ್ತದೆ ಎಂದು ಅವರು ತೋರಿಸಿದರು.

ಸ್ಪ್ರೆಡ್ ಹೀಗೆ ಕಾದು ಕೂತವರ ನಾಡಿ. ಕಂಪನಿಯ ಫಲಿತಾಂಶ ಬರುವ ಮುಂಚಿನ ಹೊತ್ತಿನಲ್ಲಿ, ಮಾರುಕಟ್ಟೆ ತೆರೆದ ಮೊದಲ ಕೆಲವು ನಿಮಿಷಗಳಲ್ಲಿ ಅದು ಅಗಲವಾಗುವುದು ಈ ಕಾರಣಕ್ಕೆ. ಪುಸ್ತಕದಲ್ಲಿ ಬೆಲೆ ಬದಲಾಗದೆಯೇ ಸ್ಪ್ರೆಡ್ ಮಾತ್ರ ಹಿಗ್ಗತೊಡಗಿದರೆ, ಯಾರೋ ಯಾವುದಕ್ಕೋ ಹೆದರಿದ್ದಾರೆ ಎಂದು ಓದಬೇಕು.

ಆದರೆ ನಾಡಿ ಓದಲು ಅದು ಬಡಿಯಲು ಜಾಗವಿರಬೇಕಲ್ಲ. ನಿಮ್ಮ ಷೇರಿನ ಬೆಲೆಯ ಅತಿ ಚಿಕ್ಕ ಮೆಟ್ಟಿಲು, ಅಂದರೆ ಟಿಕ್, 0.05 ಎಂದು ಚಿತ್ರದಿಂದಲೇ ತಿಳಿಯುತ್ತದೆ. ಸ್ಪ್ರೆಡ್ ಕೂಡ 0.05. ಅದಕ್ಕಿಂತ ಕಿರಿದಾಗಲು ನಿಯಮವೇ ಬಿಡುವುದಿಲ್ಲ. ಸ್ಪ್ರೆಡ್ ಒಂದು ಟಿಕ್ಕಿಗೆ ಬಂದು ನಿಂತ ಮೇಲೆ ಅದು ಮೂಕವಾಗುತ್ತದೆ: ಸಾವಿರ ಷೇರು ಕಾದಿರುವ ಪುಸ್ತಕವೂ ಲಕ್ಷ ಷೇರು ಕಾದಿರುವ ಪುಸ್ತಕವೂ ಒಂದೇ ಅಂಕಿ ತೋರಿಸುತ್ತವೆ. ಆಗ ಓದಬೇಕಾದದ್ದು ಸಾಲಿನ ಉದ್ದವನ್ನು. ಇದೇ 0.05 ಟಿಕ್ ಬೆಲೆ 4 ಇರುವ ಷೇರಿಗೆ ಬಂದರೆ ಏನಾಗುತ್ತದೆ ನೋಡಿ: ಒಂದು ಟಿಕ್ಕಿನ ಸ್ಪ್ರೆಡ್ ಎಂದರೆ ಶೇಕಡಾ 1.25. ನೋಡಲು ಅದು ಅತಿ ಕಿರಿದು, ವೆಚ್ಚದಲ್ಲಿ ನಿಮ್ಮ ಈ ದುಬಾರಿ ಖರೀದಿಯನ್ನೂ ಮೀರಿಸುತ್ತದೆ. ಹೀಗಾಗಿ ಸ್ಪ್ರೆಡ್ಡನ್ನು ಯಾವಾಗಲೂ ಬೆಲೆಯಿಂದ ಭಾಗಿಸಿಯೇ ಹೋಲಿಸಬೇಕು.

ಟಿಕ್ಕಿನ ಮಹಿಮೆಯನ್ನು ಇಡೀ ಮಾರುಕಟ್ಟೆಯೇ ಒಮ್ಮೆ ಪ್ರಯೋಗ ಮಾಡಿ ತೋರಿಸಿದೆ. ಅಮೆರಿಕದ ಷೇರುಪೇಟೆಗಳಲ್ಲಿ ಬೆಲೆಗಳು ಡಾಲರಿನ ಹದಿನಾರನೇ ಒಂದು ಭಾಗದ, ಅಂದರೆ 6.25 ಸೆಂಟಿನ, ಮೆಟ್ಟಿಲುಗಳಲ್ಲಿ ಓಡಾಡುತ್ತಿದ್ದವು. 2001ರಲ್ಲಿ ಅದನ್ನು ಒಂದು ಸೆಂಟಿಗೆ ಇಳಿಸಿದರು. ಸ್ಪ್ರೆಡ್ ಕುಗ್ಗಿತು, ಸಣ್ಣ ಹೂಡಿಕೆದಾರರಿಗೆ ಅದು ನಿಜವಾದ ಲಾಭ. ಅದರ ಜೊತೆಗೆ ಅತ್ಯುತ್ತಮ ಬೆಲೆಯಲ್ಲಿ ಕಾದಿರುತ್ತಿದ್ದ ಷೇರುಗಳ ಸಂಖ್ಯೆಯೂ ಕುಗ್ಗಿತು. ಮೊದಲು ಒಂದೇ ಮೆಟ್ಟಿಲಿನ ಮೇಲೆ ಗುಂಪಾಗಿ ಕೂತವರು ಈಗ ಆರು ಮೆಟ್ಟಿಲುಗಳಿಗೆ ಹಂಚಿಹೋದರು. ದೊಡ್ಡ ಆರ್ಡರ್ ಹಿಡಿದ ನಿಧಿಗಳು, ಸ್ಪ್ರೆಡ್ ಇಳಿದರೂ ನಮ್ಮ ಕೆಲಸ ಸುಲಭವಾಗಲಿಲ್ಲ ಎಂದು ಗೊಣಗಿದ್ದಕ್ಕೆ ಕಾರಣವಿತ್ತು. ನಿಮಗೆ ಆದದ್ದೂ ಸಣ್ಣ ಪ್ರಮಾಣದಲ್ಲಿ ಅದೇ.

1985ರಲ್ಲಿಯೇ ಆಲ್ಬರ್ಟ್ ಕೈಲ್ ಎಂಬ ಅರ್ಥಶಾಸ್ತ್ರಜ್ಞರು ಲಿಕ್ವಿಡಿಟಿಗೆ ಮೂರು ಮುಖಗಳನ್ನು ಹೆಸರಿಸಿದರು: ಸ್ಪ್ರೆಡ್ ಎಷ್ಟು ಬಿಗಿಯಾಗಿದೆ, ಸಾಲುಗಳು ಎಷ್ಟು ಆಳವಾಗಿವೆ, ಕದಡಿದ ಮೇಲೆ ಎಷ್ಟು ಬೇಗ ತಿಳಿಯಾಗುತ್ತದೆ. ಮೊದಲೆರಡನ್ನು ಒಂದು ಚಿತ್ರದಲ್ಲಿ ಹಿಡಿಯಬಹುದು. ಮೂರನೆಯದನ್ನು ಚಿತ್ರದಲ್ಲಿ ಹಿಡಿಯಲಾಗದು, ಕಾದು ನೋಡಬೇಕು. ನಿಜ ಹೇಳಬೇಕೆಂದರೆ ನನಗೆ ಹೆಚ್ಚು ಬೆಲೆಯುಳ್ಳದ್ದು ಈ ಮೂರನೆಯದೇ.

ನಿಮ್ಮ ಖರೀದಿ ಮುಗಿದ ಕ್ಷಣದಲ್ಲಿ ಪುಸ್ತಕ ಹೇಗಿತ್ತು ಎಂದು ಚಿತ್ರವಿಲ್ಲದೆಯೂ ಹೇಳಬಹುದು. ಬಲಗಡೆಯ ನಾಲ್ಕು ಸಾಲು ಅಳಿಸಿಹೋಗಿ, 251.20ರಲ್ಲಿ 1,000 ಷೇರು ಉಳಿದಿತ್ತು. ಎಡಗಡೆ ಯಾರೂ ಕದಲದಿದ್ದರೆ 249.95 ಹಾಗೆಯೇ ಇತ್ತು. ಸ್ಪ್ರೆಡ್ 0.05ರಿಂದ 1.25ಕ್ಕೆ, ಅಂದರೆ 25 ಟಿಕ್ಕಿಗೆ ಹಿಗ್ಗಿತು. ಮುಂದಿನ ಒಂದೆರಡು ನಿಮಿಷದಲ್ಲಿ ಏನಾಯಿತು ಎಂಬುದನ್ನು ನಿಮ್ಮ ವಹಿವಾಟಿನ ಖಾತೆಯಲ್ಲಿರುವ ದಿನದ ನಕ್ಷೆಯಲ್ಲಿ ನೋಡಿ. ಹೊಸ ಮಾರಾಟಗಾರರು 250.05, 250.10 ಎನ್ನುತ್ತಾ ಕೂಡಲೇ ಬಂದು ಸಾಲು ತುಂಬಿದ್ದರೆ, ಆ ಷೇರಿಗೆ ಜೀವವಿದೆ. ನಿಮಗೆ ತಾಳ್ಮೆ ಇರಲಿಲ್ಲ, ಅಷ್ಟೇ. ಐದು ನಿಮಿಷದ ನಂತರ ನಡುವಿನ ಬೆಲೆ 250.10ಕ್ಕೆ ಬಂದು ನಿಂತಿತ್ತು ಎನ್ನಿ. ಆಗ ನೀವು ತೆತ್ತ 0.67ರಲ್ಲಿ 0.125 ಮಾತ್ರ ಬೆಲೆಯೇ ಏರಿದ್ದರಿಂದ ಹೋದದ್ದು. ಉಳಿದ 0.545 ಅವಸರದ ದಂಡ, ಅದರ ಬಹುಪಾಲು 250.75 ಮತ್ತು 251.20ರಲ್ಲಿ ಬಲೆ ಹಾಕಿ ಕೂತಿದ್ದವರ ಜೇಬಿಗೆ ಹೋಯಿತು. ಬೆಲೆ 251ರ ಆಸುಪಾಸಿನಲ್ಲೇ ಉಳಿದಿದ್ದರೆ ಕಥೆ ಬೇರೆ: ಮಾರಾಟಗಾರರು ಬಲಗಡೆ ತೆಳುವಾಗಿದ್ದದ್ದು ಸುಮ್ಮನೆ ಅಲ್ಲ, ಏರಿಕೆಯ ವಾಸನೆ ಹಿಡಿದೇ ಹಿಂದೆ ಸರಿದಿದ್ದರು. ಎಡಗಡೆ 10,400, ಬಲಗಡೆ 3,000 ಎಂಬ ನಿಮ್ಮ ಪುಸ್ತಕದ ಓರೆ ಈ ಎರಡನೆಯ ಕಥೆಗೂ ಹೊಂದುತ್ತದೆ. ಮೊದಲ ಸಾಲುಗಳಲ್ಲಿ ಒಂದು ಬದಿ ಭಾರವಾಗಿದ್ದರೆ ಬೆಲೆಯ ಮುಂದಿನ ಹೆಜ್ಜೆ ಹಗುರವಾದ ಬದಿಯ ಕಡೆಗೆ ಬೀಳುವುದೇ ಹೆಚ್ಚು. ಆದರೆ ಈ ಸುಳಿವಿನ ಆಯುಷ್ಯ ಬಲು ಚಿಕ್ಕದು, ಅದನ್ನು ನಂಬಿ ದಿನದ ದಿಕ್ಕನ್ನು ಊಹಿಸಲು ಹೋಗಬೇಡಿ.

ಏಕೆಂದರೆ ಪುಸ್ತಕದಲ್ಲಿರುವುದೆಲ್ಲ ಮಾತು ಮಾತ್ರ, ಒಪ್ಪಂದವಲ್ಲ. ಹಾಕಿದ ಲಿಮಿಟ್ ಆರ್ಡರನ್ನು ಯಾವ ಕ್ಷಣದಲ್ಲಾದರೂ ಹಿಂದೆಗೆದುಕೊಳ್ಳಬಹುದು. ನಾನು ಈ ಕೆಲಸಕ್ಕೆ ಕೂತ ಮೊದಲ ವರ್ಷ, ಎರಡನೆಯ ಸಾಲಿನಲ್ಲಿ ಕಂಡ ಒಂದು ದೊಡ್ಡ ಖರೀದಿಯ ಆರ್ಡರನ್ನು ನಂಬಿ, ಅದರ ಆಸರೆ ಇದೆಯೆಂದು ಧೈರ್ಯವಾಗಿ ಕೊಂಡೆ. ಬೆಲೆ ಅದರ ಹತ್ತಿರ ಬಂದಂತೆ ಅದು ಒಂದು ಮೆಟ್ಟಿಲು ಕೆಳಗಿಳಿಯಿತು. ಮತ್ತೆ ಹತ್ತಿರ ಬಂತು, ಮತ್ತೆ ಇಳಿಯಿತು. ಆಮೇಲೆ ಮಾಯ. ಹೀಗೆ ಈಡೇರಿಸುವ ಉದ್ದೇಶವೇ ಇಲ್ಲದೆ ಆರ್ಡರ್ ತೋರಿಸಿ ಎಳೆಯುವುದಕ್ಕೆ ಸ್ಪೂಫಿಂಗ್ ಎನ್ನುತ್ತಾರೆ. ಅಮೆರಿಕದಲ್ಲಿ 2010ರ ಡಾಡ್-ಫ್ರಾಂಕ್ ಕಾಯಿದೆ ಫ್ಯೂಚರ್ಸ್ ಮಾರುಕಟ್ಟೆಯಲ್ಲಿ ಅದನ್ನು ಹೆಸರು ಹೇಳಿಯೇ ನಿಷೇಧಿಸಿತು. ಗುರುತಿಸುವ ದಾರಿ ಸರಳ: ನಿಜವಾದ ದೊಡ್ಡ ಆರ್ಡರ್ ಬೆಲೆ ತನ್ನ ಬಳಿ ಬಂದಾಗ ಸ್ವಲ್ಪ ಸ್ವಲ್ಪವಾಗಿ ಕರಗುತ್ತದೆ ಮತ್ತು ಆ ಬೆಲೆಗೆ ವಹಿವಾಟು ನಡೆದದ್ದು ದಾಖಲಾಗುತ್ತದೆ. ಸುಳ್ಳು ಆರ್ಡರ್ ಒಂದೂ ಷೇರು ಕೈಬದಲಾಗದೆ ಸರಿದುಹೋಗುತ್ತದೆ.

ಇದರ ಎದುರು ಬಗೆಯದೂ ಇದೆ, ಇರುವುದನ್ನು ಮುಚ್ಚಿಡುವುದು. ದೊಡ್ಡ ಮಾರಾಟಗಾರರು ತಮ್ಮ ಆರ್ಡರಿನ ಒಂದು ಪಾಲನ್ನು ಮಾತ್ರ ತೋರಿಸಿ ಉಳಿದದ್ದನ್ನು ಅಡಗಿಸಿಡಬಹುದು, ಐಸ್‌ಬರ್ಗ್ ಆರ್ಡರ್ ಎಂಬ ಹೆಸರು ಅದಕ್ಕೆ ಸರಿಯಾಗಿಯೇ ಬಂದಿದೆ. 250.00ರಲ್ಲಿ ಕಂಡ 200 ಷೇರು ಖಾಲಿಯಾದ ಕೂಡಲೇ ಅದೇ ಬೆಲೆಯಲ್ಲಿ ಮತ್ತೆ 200, ಮತ್ತೆ 200 ಎಂದು ಒರತೆಯಂತೆ ಉಕ್ಕುತ್ತಿದ್ದರೆ ಕೆಳಗೆ ಬಂಡೆ ಇದೆ ಎಂದು ತಿಳಿಯಿರಿ. ನಿಮ್ಮ ಷೇರಿನಲ್ಲಿ ಹಾಗಿರಲಿಲ್ಲ. ಇದ್ದಿದ್ದರೆ ನಿಮ್ಮ ಸರಾಸರಿ 250.00ರ ಹತ್ತಿರವೇ ಇರುತ್ತಿತ್ತು.

ಮಾತು ಮಾತ್ರ ಎಂದೆನಲ್ಲ, ಆ ಮಾತು ಒಟ್ಟಿಗೆ ನಿಂತುಹೋದರೆ ಏನಾಗುತ್ತದೆ ಎಂಬುದಕ್ಕೆ 2010ರ ಮೇ 6ರ ಮಧ್ಯಾಹ್ನ ಸಾಕ್ಷಿ. ಅಮೆರಿಕದ ಮಾರುಕಟ್ಟೆಯಲ್ಲಿ ಕೆಲವೇ ನಿಮಿಷಗಳಲ್ಲಿ ಬೆಲೆ ಹಾಕಿ ಕೂತವರು ಹಿಂದೆ ಸರಿದರು. ಆಗ ಪುಸ್ತಕದ ತಳದಲ್ಲಿ ಉಳಿದಿದ್ದದ್ದು, ಎರಡೂ ಬದಿಯಲ್ಲಿ ಬೆಲೆ ಇಡಬೇಕೆಂಬ ನಿಯಮವನ್ನು ಹೆಸರಿಗೆ ಪಾಲಿಸಲು ಇಟ್ಟಿದ್ದ ಒಂದು ಸೆಂಟಿನಂಥ ಬಿಡ್‌ಗಳು ಮಾತ್ರ. ಆವರೆಗೆ ಸುಮಾರು 40 ಡಾಲರಿನಲ್ಲಿದ್ದ ಆಕ್ಸೆಂಚರ್ ಷೇರುಗಳು ಕೆಲವು ಒಂದು ಸೆಂಟಿಗೆ ಮಾರಾಟವಾದವು. ಮಾರಿದವರ ಮಾರ್ಕೆಟ್ ಆರ್ಡರ್‌ಗಳು ಮಾಡಿದ್ದು ನಿಮ್ಮ ಆರ್ಡರ್ ಮಾಡಿದ್ದನ್ನೇ: ಸಾಲಿನಲ್ಲಿ ಯಾರಿದ್ದರೋ ಅವರ ಬಳಿಗೆ ಹೋದವು. ಆ ವಿಪರೀತ ಬೆಲೆಗಳ ವಹಿವಾಟುಗಳನ್ನು ನಂತರ ರದ್ದು ಮಾಡಲಾಯಿತು, ಅಂಥ ಹೆಸರಿಗಷ್ಟೇ ಇಡುವ ಬಿಡ್‌ಗಳನ್ನು ಅದೇ ವರ್ಷ ನಿಷೇಧಿಸಲಾಯಿತು.

ಮುಂದಿನ ಬಾರಿಗೆ ನಾನು ಹೇಳುವುದು ಎರಡೇ. ಗುಂಡಿ ಒತ್ತುವ ಮುಂಚೆ ನಿಮ್ಮ ಸಂಖ್ಯೆಯನ್ನು ಎದುರು ಬದಿಯ ಸಾಲುಗಳ ಮೇಲೆ ಮೇಲಿನಿಂದ ಕೆಳಗೆ ಹಂಚಿ ನೋಡಿ; ಯಾವ ಸಾಲಿನಲ್ಲಿ ಮುಗಿಯುತ್ತದೆ, ಆ ಬೆಲೆ ನಿಮಗೆ ಒಪ್ಪಿಗೆಯೇ? ಹದಿನೈದು ಸೆಕೆಂಡಿನ ಕೆಲಸ. ಐದು ಸಾಲುಗಳಲ್ಲೂ ಮುಗಿಯದಿದ್ದರೆ ಆರನೆಯದು ಎಲ್ಲಿದೆ ಎಂಬುದು ಆ ಪರದೆಯಲ್ಲಿ ಕಾಣುವುದಿಲ್ಲ, ಅಂಥ ಕಡೆ ಮಾರ್ಕೆಟ್ ಆರ್ಡರ್ ಹಾಕಲೇಬೇಡಿ. ಎರಡನೆಯದು, ಅವಸರವಿದ್ದರೂ ಲಿಮಿಟ್ ಇಟ್ಟೇ ಕೊಳ್ಳಿ. ನಿಮ್ಮ ಪುಸ್ತಕದಲ್ಲಿ 250.05ರ ಮಿತಿ ಇಟ್ಟು 2,000 ಷೇರಿಗೆ ಆರ್ಡರ್ ಹಾಕಿದ್ದರೆ 350 ಷೇರು ತಕ್ಷಣ ಸಿಗುತ್ತಿತ್ತು. ಉಳಿದ 1,650 ಷೇರು 250.05ರಲ್ಲಿ ಅತ್ಯುತ್ತಮ ಬಿಡ್ ಆಗಿ ಸಾಲಿನ ಮುಂದೆ ನಿಲ್ಲುತ್ತಿತ್ತು, ಮುಂದೆ ಮಾರಲು ಬರುವವರು ಮೊದಲು ನಿಮ್ಮನ್ನೇ ಕಾಣುತ್ತಿದ್ದರು. ಇದಕ್ಕೂ ಬೆಲೆ ಇದೆ: ಅವರು ಬಾರದೆಯೇ ಇರಬಹುದು, ಷೇರು ನಿಮ್ಮನ್ನು 250.05ರಲ್ಲಿ ನಿಲ್ಲಿಸಿ 252ಕ್ಕೆ ಹೋಗಬಹುದು, ಆಗ 350 ಷೇರು ಹಿಡಿದು ನೋಡುತ್ತಾ ಕೂರಬೇಕಾಗುತ್ತದೆ. ಅದು ಎಷ್ಟು ಸಲ ಆಗುತ್ತದೆ ಎಂದು ಅಂದಾಜು ಸಿಗಬೇಕಾದರೆ, ಕೊಳ್ಳದೆಯೇ ಒಂದು ವಾರ ಆ ಷೇರಿನ ಪುಸ್ತಕವನ್ನು ದಿನಕ್ಕೆ ಮೂರು ಹೊತ್ತು, ತೆರೆದ ಹೊತ್ತಿನ ಗದ್ದಲ ಇಳಿದ ಮೇಲೆ, ನಡು ದಿನದಲ್ಲಿ, ಮುಚ್ಚುವ ಮುಂಚೆ, ತೆರೆದು 2,000 ಷೇರಿನ ಸರಾಸರಿ ಬೆಲೆ ಎಷ್ಟಾಗುತ್ತಿತ್ತು ಎಂದು ಬರೆದಿಡಿ. ಆ ಹದಿನೈದು ಅಂಕಿಗಳನ್ನು ಕಳುಹಿಸಿದರೆ, ನೀವು ಆ ದಿನ ಕೆಟ್ಟ ಗಳಿಗೆಯಲ್ಲಿ ಕೊಂಡಿರೋ ಅಥವಾ ಆ ಷೇರು ಯಾವಾಗಲೂ ಹೀಗೆಯೇ ತೆಳುವೋ ಎಂದು ಹೇಳಬಲ್ಲೆ.